ತಿಂಗಳಿಗೆ ಎಷ್ಟು ಕೆಜಿ ಕೇಕ್ ಮಾರಿದರೆ ಅಸಲು ಹುಟ್ಟುತ್ತದೆ? ಬಿಲ್ಲುಗಳೆಲ್ಲ ಮುಂದಿವೆ, ಲೆಕ್ಕ ಮಾತ್ರ ಕೂಡುತ್ತಿಲ್ಲ

ಬೆಣ್ಣೆನಗರಿ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮ ಮನೆಗೆ ಅಂಟಿಕೊಂಡ ಒಂದು ಸಣ್ಣ ಮಳಿಗೆಯನ್ನು ಬಾಡಿಗೆಗೆ ಹಿಡಿದು ಎರಡು ವರ್ಷದಿಂದ ಕೇಕ್ ಮಾಡಿ ಮಾರುತ್ತಿದ್ದೇನೆ. ಹೆಚ್ಚಿನವು ಫ್ರೆಶ್ ಕ್ರೀಮ್ ಕೇಕುಗಳು. ಹುಟ್ಟುಹಬ್ಬ, ನಿಶ್ಚಿತಾರ್ಥ, ಮದುವೆ ಆರತಕ್ಷತೆಗಳ ಆರ್ಡರು. ಕೆಜಿಗೆ ಸರಾಸರಿ ₹700 ಬರುತ್ತದೆ.

ಮಾರ್ಚ್ ತಿಂಗಳ ಎಲ್ಲ ಬಿಲ್ಲುಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿಟ್ಟು ನಿನ್ನೆ ರಾತ್ರಿ ಕೂಡಿಸಿದೆ. ಸಾಮಗ್ರಿ, ಬಾಕ್ಸು, ಬೋರ್ಡು ಸೇರಿ ಅಂಗಡಿಗಳ ಬಿಲ್ಲು ₹19,010, ಮಳಿಗೆ ಬಾಡಿಗೆ ₹5,500, ಕರೆಂಟು ₹1,640, ಒಟ್ಟು ₹26,150. ಮಾರಿದ್ದು 46 ಕೆಜಿ, ಬಂದ ಹಣ ₹32,200. ಖರ್ಚನ್ನು 46ರಿಂದ ಭಾಗಿಸಿದರೆ ಕೆಜಿಗೆ ₹568 ಬೀಳುತ್ತದೆ, ಅಂದರೆ ಪ್ರತಿ ಕೆಜಿಯಲ್ಲಿ ನನಗೆ ₹132 ಉಳಿಯಬೇಕು.

ಆದರೆ ಕಳೆದ ಆಷಾಢದಲ್ಲಿ 22 ಕೆಜಿ ಮಾರಿದ್ದೆ. ಈ ಲೆಕ್ಕದ ಪ್ರಕಾರ ಆಗ ₹2,900 ಉಳಿಯಬೇಕಿತ್ತು. ನನ್ನ ಕೈಯಲ್ಲಿ ಉಳಿದದ್ದು ಸಾವಿರ ರೂಪಾಯಿ ಚಿಲ್ಲರೆ ಮಾತ್ರ. ನಾನು ಎಲ್ಲಿ ತಪ್ಪುತ್ತಿದ್ದೇನೆ, ಮತ್ತು ತಿಂಗಳಿಗೆ ಕನಿಷ್ಠ ಎಷ್ಟು ಕೆಜಿ ಮಾರಿದರೆ ನಷ್ಟವಿಲ್ಲ ಎಂದು ಹೇಗೆ ಕಂಡುಕೊಳ್ಳಬೇಕು? ತಿಳಿದವರು ದಯವಿಟ್ಟು ಹೇಳಿ.

ಸಕ್ಕರೆ ಅಚ್ಚು
ಅಕ್ಕಾ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಸಾಮಗ್ರಿಗೆ ಎಷ್ಟು ಬಿತ್ತೋ ಅದರ ಮೂರು ಪಟ್ಟು ದರ ಇಡಿ. ನನಗೆ ಬೇಕಿಂಗ್ ಕಲಿಸಿದವರು ಹೇಳಿಕೊಟ್ಟದ್ದು ಇದೇ, ನಾನು ಇಂದಿಗೂ ಹೀಗೆಯೇ ಮಾಡುತ್ತೇನೆ.

ಬೆಣ್ಣೆನಗರಿ
ದರ ಎಷ್ಟಿಡಬೇಕು ಎಂಬುದು ನನ್ನ ಪ್ರಶ್ನೆಯಲ್ಲ. ನಮ್ಮ ಬಡಾವಣೆಯಲ್ಲಿ ₹700ಕ್ಕಿಂತ ಹೆಚ್ಚು ಕೇಳಿದರೆ ಜನ ಪಕ್ಕದ ಬೇಕರಿಗೆ ಹೋಗುತ್ತಾರೆ. ಆ ದರದಲ್ಲಿಯೇ ಎಷ್ಟು ಮಾರಬೇಕು ಎಂದು ಕೇಳುತ್ತಿದ್ದೇನೆ.

ಹಳೇ ಖಾತೆ
ಹಾಸನದಲ್ಲಿ ಒಂದು ಬೇಕರಿಯ ಲೆಕ್ಕಪತ್ರವನ್ನು ಇಪ್ಪತ್ತು ವರ್ಷ ಬರೆದವನು ನಾನು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಿಮ್ಮ ಮೊದಲ ತಪ್ಪು, ಬಾಡಿಗೆಯನ್ನು ಕೇಕಿನ ತೂಕದ ಮೇಲೆ ಹಂಚಿದ್ದು. ಆ ₹568 ನೀವು 46 ಕೆಜಿ ಮಾರಿದ ತಿಂಗಳಿಗೆ ಮಾತ್ರ ಹೊಂದುತ್ತದೆ. ಆಷಾಢದಲ್ಲಿ 22 ಕೆಜಿಗೆ ಇಳಿದಿರಿ ಎಂದು ಮಾಲೀಕರು ಬಾಡಿಗೆ ಇಳಿಸಲಿಲ್ಲ; ಆಗ ಅದೇ ₹5,500 ಬಾಡಿಗೆ ಕೆಜಿಗೆ ₹120ರ ಬದಲು ₹250 ಆಗಿ ಕೂತಿತು. ಆದ್ದರಿಂದ ಖರ್ಚನ್ನು ಎರಡು ಗುಂಪು ಮಾಡಬೇಕು. ಒಂದು, ಒಲೆ ಹೊತ್ತಿಸದೆ ಕೂತರೂ ಕೊಡಬೇಕಾದದ್ದು. ಇನ್ನೊಂದು, ಒಂದು ಕೆಜಿ ಹೆಚ್ಚು ಮಾಡಿದರೆ ಮಾತ್ರ ಹೆಚ್ಚುವುದು. ಕೆಜಿಯ ಬೆಲೆಯಿಂದ ಎರಡನೆಯ ಗುಂಪಿನ ಖರ್ಚನ್ನು ಕಳೆದು, ಉಳಿದದ್ದರಿಂದ ಮೊದಲ ಗುಂಪಿನ ಒಟ್ಟು ಮೊತ್ತವನ್ನು ಭಾಗಿಸಿದರೆ ನೀವು ಕೇಳುವ ಸಂಖ್ಯೆ ಸಿಗುತ್ತದೆ.

ಆದರೆ ಅದಕ್ಕೂ ಮೊದಲು ಒಂದು ಮಾತು ಕೇಳುತ್ತೇನೆ. ₹19,010ರ ಸಾಮಗ್ರಿ ಪೂರ್ತಿ ಮಾರ್ಚಿನಲ್ಲಿಯೇ ಖರ್ಚಾಯಿತೇ? ಮಾರ್ಚ್ 1ರ ಬೆಳಿಗ್ಗೆ ಕಪಾಟಿನಲ್ಲಿ ಏನಿತ್ತು, 31ರ ರಾತ್ರಿ ಏನು ಉಳಿದಿತ್ತು?

ಬೆಣ್ಣೆನಗರಿ
ಸರ್, ಮಾರ್ಚ್ ಕೊನೆಯ ವಾರದಲ್ಲಿ 25 ಕೆಜಿಯ ಒಂದು ಮೈದಾ ಚೀಲವನ್ನೂ ವಿಪ್ಪಿಂಗ್ ಕ್ರೀಮಿನ ಒಂದು ಇಡೀ ಪೆಟ್ಟಿಗೆಯನ್ನೂ ತಂದಿದ್ದೆ, ಏಕೆಂದರೆ ಒಟ್ಟಿಗೆ ಕೊಂಡರೆ ರಿಯಾಯಿತಿ ಇತ್ತು. ಕಾಂಪೌಂಡ್ ಚಾಕೊಲೇಟನ್ನೂ ಹೆಚ್ಚಿಗೆ ತಂದೆ. ಇವೆಲ್ಲ ಬಹುಪಾಲು ಹಾಗೆಯೇ ಇವೆ. ಹಾಗಾದರೆ ಅವುಗಳ ಬಿಲ್ಲು ಖರ್ಚಲ್ಲವೇ?

ಹಳೇ ಖಾತೆ
ಹಣ ಕೈಬಿಟ್ಟು ಹೋಗಿದೆ, ಆದರೆ ಇನ್ನೂ ಕೇಕ್ ಆಗಿಲ್ಲ. ಅದು ಕಪಾಟಿನಲ್ಲಿ ಕೂತಿರುವ ಹಣ. ಇವತ್ತು ಏಪ್ರಿಲ್ 2, ಹೆಚ್ಚು ವ್ಯತ್ಯಾಸವಾಗಿರುವುದಿಲ್ಲ. ಇವತ್ತೇ ಒಂದೊಂದನ್ನೂ ತೂಗಿ, ಕೊನೆಯ ಬಿಲ್ಲಿನ ದರದಲ್ಲಿ ಬೆಲೆ ಕಟ್ಟಿ. ಕಣ್ಣಂದಾಜು ಬೇಡ, ಅರ್ಧ ಬಿಚ್ಚಿದ ಚೀಲ ಯಾವಾಗಲೂ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ತೆರಿಗೆ ಮಿತ್ರ
ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಅಂಗಡಿ ಬಿಲ್ಲುಗಳಲ್ಲಿ ಜಿಎಸ್‌ಟಿ ಸೇರಿರುತ್ತದೆ. ತೆರಿಗೆಯು ವ್ಯಾಪಾರದ ಖರ್ಚಲ್ಲ, ಅದನ್ನು ಕಳೆದು ಸಾಮಗ್ರಿಯ ಮೂಲ ಬೆಲೆಯನ್ನು ಮಾತ್ರ ತೆಗೆದುಕೊಳ್ಳಬೇಕು.

ಮಲ್ನಾಡ್ ಓವನ್
ಅದು ಜಿಎಸ್‌ಟಿ ನೋಂದಣಿ ಇರುವವರಿಗೆ ಸರಿ, ಅವರು ಕೊಂಡ ಮಾಲಿನ ಮೇಲಿನ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ತಿಂಗಳಿಗೆ ಮೂವತ್ತು ಸಾವಿರ ವ್ಯಾಪಾರ ಮಾಡುವ ಮನೆ ಬೇಕರಿ ಸರಕು ಮಾರಾಟದ ₹40 ಲಕ್ಷದ ಮಿತಿಯ ಹತ್ತಿರವೂ ಇಲ್ಲ. ನೋಂದಣಿ ಇಲ್ಲದವರಿಗೆ ಆ ತೆರಿಗೆ ಎಲ್ಲಿಂದಲೂ ಹಿಂದಿರುಗುವುದಿಲ್ಲ, ಆದ್ದರಿಂದ ಬಿಲ್ಲಿನ ಪೂರ್ತಿ ಮೊತ್ತವೂ ಅವರಿಗೆ ಖರ್ಚೇ.

ತೆರಿಗೆ ಮಿತ್ರ
ನೋಂದಣಿ ಇಲ್ಲ ಎಂಬುದನ್ನು ನಾನು ಗಮನಿಸಲಿಲ್ಲ, ನಿಮ್ಮ ಮಾತು ಸರಿ. ಆದರೂ ಒಂದು ಎಚ್ಚರಿಕೆ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆಯ ಮೇಲಿನ ತೆರಿಗೆ ಶೇ 12ರಿಂದ 5ಕ್ಕೂ ಚಾಕೊಲೇಟಿನ ಮೇಲಿನದು ಶೇ 18ರಿಂದ 5ಕ್ಕೂ ಇಳಿದಿದೆ. ಕಳೆದ ಆಷಾಢದ ಬಿಲ್ಲು ಅದಕ್ಕಿಂತ ಹಿಂದಿನದು. ಹಳೆಯ ಬಿಲ್ಲಿನ ದರ ಹಿಡಿದು ಈ ವರ್ಷದ ಲೆಕ್ಕ ಮಾಡಬೇಡಿ.

ಬೆಣ್ಣೆನಗರಿ
ತೂಗಿದೆ. ಮೈದಾ ಚೀಲವನ್ನು ತೂಗುವ ಕೊಕ್ಕೆಗೆ ನೇತುಹಾಕಿದಾಗ 21 ಕೆಜಿ 300 ಗ್ರಾಂ ಬಂತು. ಕ್ರೀಮ್ ಪೆಟ್ಟಿಗೆಯಲ್ಲಿ 12ರಲ್ಲಿ 10 ಪ್ಯಾಕೆಟ್ ಉಳಿದಿದ್ದವು. ಎಸೆನ್ಸ್ ಬಾಟಲಿಗಳು, ಬೋರ್ಡು, ಬಾಕ್ಸುಗಳವರೆಗೆ ಎಲ್ಲವನ್ನೂ ಬರೆದು ಬೆಲೆ ಕಟ್ಟಿದರೆ ₹8,150 ಆಯಿತು. ಮಾರ್ಚ್ 1ರಂದು ಎಷ್ಟಿತ್ತು ಎಂದು ಫೆಬ್ರವರಿ ಕೊನೆಯ ಬಿಲ್ಲುಗಳನ್ನೂ ಆ ವಾರದ ಆರ್ಡರುಗಳನ್ನೂ ಹೋಲಿಸಿ ನೋಡಿದೆ, ಸುಮಾರು ₹3,400 ಇದ್ದಿರಬೇಕು.

ಹಳೇ ಖಾತೆ
ಹಾಗಾದರೆ ಮೊದಲಿದ್ದ ₹3,400ಕ್ಕೆ ತಂದ ₹19,010 ಸೇರಿಸಿ, ಉಳಿದ ₹8,150 ಕಳೆಯಿರಿ. ಮಾರ್ಚಿನಲ್ಲಿ ನಿಜವಾಗಿ ಕರಗಿದ ಸಾಮಗ್ರಿ ₹14,260. 46 ಕೆಜಿಗೆ ಹಂಚಿದರೆ ಕೆಜಿಗೆ ₹310. ಫೆಬ್ರವರಿಯ ದಾಸ್ತಾನು ಅಂದಾಜು ಆಗಿರುವುದರಿಂದ ಹತ್ತು ರೂಪಾಯಿ ಆಚೀಚೆ ಇರಬಹುದು, ಅದು ಮುಂದಿನ ತಿಂಗಳು ಸರಿಹೋಗುತ್ತದೆ.

ಈಗ ನಿಮ್ಮ ರೆಸಿಪಿಯ ಪ್ರಕಾರ ಒಂದು ಕೆಜಿಗೆ ಎಷ್ಟು ಬೀಳಬೇಕು ಎಂದು ಹೇಳಿ.

ಬೆಣ್ಣೆನಗರಿ
ರೆಸಿಪಿಯ ಪ್ರಕಾರ ಬಾಕ್ಸು, ಬೋರ್ಡು, ಮೇಣದಬತ್ತಿ ಸೇರಿ ₹265. ನಾನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟಿದ್ದೇನೆ, ಅದು ತಪ್ಪಿರಲಾರದು.

ಹಳೇ ಖಾತೆ
ರೆಸಿಪಿ ತಪ್ಪಿಲ್ಲ, ಬಿಲ್ಲೂ ತಪ್ಪಿಲ್ಲ. ನಡುವಿನ ₹45 ಎಲ್ಲಿ ಹೋಯಿತು ಎಂಬುದು ನಿಮಗೇ ಗೊತ್ತಿರಬೇಕು. 46 ಕೆಜಿಗೆ ಅದು ₹2,070 ಆಗುತ್ತದೆ.

ಬೆಣ್ಣೆನಗರಿ
ಯೋಚಿಸಿದರೆ ನೆನಪಾಗುತ್ತಿದೆ. ಸ್ಪಂಜಿನ ಉಬ್ಬಿದ ಮೇಲ್ಭಾಗವನ್ನು ಸಮ ಮಾಡಲು ಕತ್ತರಿಸುತ್ತೇನೆ, ಆ ತುಂಡುಗಳನ್ನು ಮಕ್ಕಳು ತಿನ್ನುತ್ತಾರೆ. ಒಂದು ದಿನ ಮಧ್ಯಾಹ್ನದ ಸೆಕೆಗೆ ಕ್ರೀಮ್ ಒಡೆದು ಎರಡು ಪ್ಯಾಕೆಟ್ ಹಾಳಾಯಿತು. ನಾದಿನಿಯ ಮಗನ ಹುಟ್ಟುಹಬ್ಬಕ್ಕೆ ಎರಡು ಕೆಜಿ ಕೇಕನ್ನು ಹಣ ತೆಗೆದುಕೊಳ್ಳದೆ ಕೊಟ್ಟೆ. ಮನೆಗೆ ಮೊಟ್ಟೆ, ಸಕ್ಕರೆ ಬೇಕಾದಾಗಲೂ ಮಳಿಗೆಯ ಕಪಾಟಿನಿಂದಲೇ ತೆಗೆಯುತ್ತೇವೆ.

ಸಕ್ಕರೆ ಅಚ್ಚು
ಕ್ರೀಮ್ ಒಡೆಯದಿರಬೇಕಾದರೆ ಬೌಲು, ಬೀಟರ್ ಕಡ್ಡಿಗಳನ್ನೂ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ ಅಕ್ಕಾ. ಪೂರ್ತಿ ಕರಗಿದ ಪ್ಯಾಕೆಟನ್ನು ಮತ್ತೆ ಫ್ರೀಜ್ ಮಾಡಬೇಡಿ, ಆಮೇಲೆ ಅದು ಸರಿಯಾಗಿ ಉಬ್ಬುವುದಿಲ್ಲ.

ಹಳೇ ಖಾತೆ
ಮನೆಗೆ ತೆಗೆದುಕೊಂಡದ್ದನ್ನೂ ಉಡುಗೊರೆ ಕೊಟ್ಟದ್ದನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಯಿರಿ, ಅಷ್ಟು ಸಾಕು. ಒಡೆದ ಕ್ರೀಮ್ ಮತ್ತು ಕತ್ತರಿಸಿದ ಸ್ಪಂಜು ಮಾತ್ರ ಕೇಕಿನ ಖರ್ಚಿನಲ್ಲಿಯೇ ಇರಲಿ, ಅವು ಪ್ರತಿ ತಿಂಗಳೂ ಇರುತ್ತವೆ. ಹೊಸ ಲೆಕ್ಕ ಬರುವವರೆಗೆ ರೆಸಿಪಿಯ ₹265 ಹಿಡಿಯದೆ ಬಿಲ್ಲಿನ ₹310 ಅನ್ನೇ ಹಿಡಿಯೋಣ.

ಇನ್ನು ಕರೆಂಟು. ಬಿಲ್ಲಿನಲ್ಲಿ ನಿಗದಿತ ಶುಲ್ಕ ಎಷ್ಟು, ಯೂನಿಟ್ ಎಷ್ಟು ಎಂದು ಬೇರೆ ಬೇರೆ ನೋಡಿ ಹೇಳಿ.

ಬೆಣ್ಣೆನಗರಿ
ಮಳಿಗೆಗೆ ಪ್ರತ್ಯೇಕ ವಾಣಿಜ್ಯ ಮೀಟರ್ ಇದೆ. ಮಂಜೂರಾದ ಹೊರೆ 3 ಕಿಲೋವ್ಯಾಟ್, ನಿಗದಿತ ಶುಲ್ಕ ₹645, ಬಳಸಿದ್ದು 124 ಯೂನಿಟ್. ತೆರಿಗೆ, ಇತರ ಶುಲ್ಕಗಳು ಸೇರಿ ಒಟ್ಟು ₹1,640.

ಮಲ್ನಾಡ್ ಓವನ್
ನಿಗದಿತ ಶುಲ್ಕ ಕಳೆದರೆ ಉಳಿದ ₹995ಕ್ಕೆ 124 ಯೂನಿಟ್, ಅಂದರೆ ಯೂನಿಟ್‌ಗೆ ಎಲ್ಲ ಸೇರಿ ₹8. ಇದರಲ್ಲಿ ಓವನ್ ಎಷ್ಟು ತಿನ್ನುತ್ತದೆ ಎಂದು ತಿಳಿಯಲು ನಾನು ಮಾಡಿದ ಉಪಾಯ ಹೇಳುತ್ತೇನೆ. ಫ್ರಿಜ್ ಸೇರಿ ಎಲ್ಲವನ್ನೂ ಒಂದು ತಾಸು ಆರಿಸಿ, ಮೀಟರಿನ ಅಂಕಿಯನ್ನು ಬರೆದುಕೊಂಡು, ಒಂದು ಬ್ಯಾಚ್ ಬೇಯಿಸಿ ಮತ್ತೆ ನೋಡಿ. ನನ್ನ 60 ಲೀಟರಿನ ಓವನ್ನಿನ ಮೇಲೆ 2,000 ವ್ಯಾಟ್ ಎಂದು ಬರೆದಿದ್ದರೂ, ಬಿಸಿ ಸಾಕಾದಾಗ ಕಾಯಿಲ್ ತಾನೇ ಆರುವುದರಿಂದ, ಓವನ್ ಮೊದಲೇ ಕಾಯಿಸಿದ್ದೂ ಸೇರಿ ಒಂದು ತಾಸಿಗೆ 2 ಯೂನಿಟ್ ಆಗಲಿಲ್ಲ, 1.4 ಆಯಿತು. ಒಂದು ಬ್ಯಾಚಿಗೆ ಎರಡು ಕೆಜಿಯ ಸ್ಪಂಜು ಹಿಡಿಸುತ್ತದೆ.

ಬೆಣ್ಣೆನಗರಿ
ನನ್ನದೂ ಅಷ್ಟೇ ದೊಡ್ಡ ಓವನ್. ನಾಳೆ ಬೆಳಿಗ್ಗೆ ಮೊದಲ ಬ್ಯಾಚಿಗೇ ನೋಡುತ್ತೇನೆ.

ಬೆಣ್ಣೆನಗರಿ
ನೋಡಿದೆ. 4187.2 ಇದ್ದದ್ದು 4188.6 ಆಯಿತು, ನಿಮ್ಮಷ್ಟೇ 1.4. ಆದರೆ ಒಂದೇ ಕೆಜಿ ಆರ್ಡರಿಗಾಗಿ ಓವನ್ ಹಚ್ಚುವ ದಿನಗಳೂ ಇವೆ, ಮೇಲೆ ಬೀಟರ್, ಬಲ್ಬುಗಳಿವೆ. ಮಾರನೆಯ ದಿನ ಯಾವ ಆರ್ಡರೂ ಇರಲಿಲ್ಲ. ಡೀಪ್ ಫ್ರೀಜರ್ ಮತ್ತು ಫ್ರಿಜ್ ಮಾತ್ರ ಓಡಿ 24 ತಾಸಿಗೆ 2.6 ಯೂನಿಟ್ ಆಯಿತು.

ಹಳೇ ಖಾತೆ
ಬಹಳ ಒಳ್ಳೆಯ ಅಳತೆ ಮಾಡಿದ್ದೀರಿ. ದಿನಕ್ಕೆ 2.6 ಎಂದರೆ ತಿಂಗಳಿಗೆ 80 ಯೂನಿಟ್ ಬರೀ ತಣ್ಣಗಿಡಲು ಹೋಗುತ್ತದೆ. ಅದರ ₹640 ಮತ್ತು ನಿಗದಿತ ಶುಲ್ಕದ ₹645 ಸೇರಿ ಸುಮಾರು ₹1,280 ನೀವು ಕೇಕ್ ಮಾಡಿದರೂ ಮಾಡದಿದ್ದರೂ ಕಟ್ಟಲೇಬೇಕು. ಉಳಿದ ₹360 ಮಾತ್ರ ಕೇಕಿಗೆ ಸೇರಿದ್ದು, ಕೆಜಿಗೆ ₹8. ಎಲ್ಲರೂ ಓವನ್ನಿಗೆ ಹೆದರುತ್ತಾರೆ, ಆದರೆ ನಿಮ್ಮ ಬಿಲ್ಲಿನ ದೊಡ್ಡ ಪಾಲು ತಣ್ಣನೆಯ ಪೆಟ್ಟಿಗೆಯದು.

ಇನ್ನೂ ಎರಡು ಖರ್ಚು ನಿಮ್ಮ ಡಬ್ಬಿಯಲ್ಲಿ ಕಾಣಲಿಲ್ಲ. ಕೇಕನ್ನು ಮನೆಗಳಿಗೆ ಮುಟ್ಟಿಸುವವರು ಯಾರು? ಓವನ್, ಬೀಟರ್, ಫ್ರೀಜರುಗಳಿಗೆ ಎಷ್ಟು ಹಾಕಿದ್ದಿರಿ?

ಬೆಣ್ಣೆನಗರಿ
ಯಜಮಾನರು ಸ್ಕೂಟರಿನಲ್ಲಿ ಕೊಟ್ಟು ಬರುತ್ತಾರೆ, ದೂರವಾದರೆ ಆಟೋ. ಪೆಟ್ರೋಲು, ಆಟೋ ಸೇರಿ ಮಾರ್ಚಿನಲ್ಲಿ ₹1,010 ಆಗಿದೆ, ಅದನ್ನು ಮನೆ ಖರ್ಚಿನಲ್ಲಿ ಬರೆದಿದ್ದೆವು. ಯಂತ್ರಗಳಿಗೆ ಎರಡು ವರ್ಷದ ಹಿಂದೆ ಒಟ್ಟು ₹42,000 ಹಾಕಿದ್ದೆ.

ಹಳೇ ಖಾತೆ
ಯಂತ್ರಗಳು ಐದು ವರ್ಷ ಬಾಳುತ್ತವೆ ಎಂದುಕೊಂಡರೆ ತಿಂಗಳಿಗೆ ₹700 ತೆಗೆದಿಡಬೇಕು. ಈಗ ಕೂಡಿಸೋಣ.

ಸುಮ್ಮನೆ ಕೂತರೂ ಹೋಗುವುದು: ಬಾಡಿಗೆ ₹5,500, ಕರೆಂಟು ₹1,280, ಯಂತ್ರದ ಸವಕಳಿ ₹700, ಒಟ್ಟು ₹7,480. ಒಂದು ಕೆಜಿ ಮಾಡಿದರೆ ಹೋಗುವುದು: ಸಾಮಗ್ರಿ ₹310, ಕರೆಂಟು ₹8, ಸಾಗಣೆ ₹22, ಒಟ್ಟು ₹340. ಹಾಗಾದರೆ ₹700ರ ಪ್ರತಿ ಕೆಜಿಯಿಂದ ₹360 ಬಾಡಿಗೆ ಮೊದಲಾದವುಗಳನ್ನು ತೀರಿಸಲು ಉಳಿಯುತ್ತದೆ.

```
7480 / (700 - 340) = 20.8
```

ಅಂದರೆ ತಿಂಗಳಿಗೆ 21 ಕೆಜಿ. ಆಷಾಢದ 22 ಕೆಜಿಯನ್ನು ಇದಕ್ಕೆ ಹಾಕಿ ನೋಡಿ: 22ಕ್ಕೆ ₹7,920 ಬಂತು, ₹7,480 ಹೋಯಿತು, ಉಳಿದದ್ದು ₹440. ಸವಕಳಿಯ ₹700ನ್ನು ಆಗ ನೀವು ಯಾರಿಗೂ ಕೊಟ್ಟಿರಲಿಲ್ಲವಾದ್ದರಿಂದ ಕೈಯಲ್ಲಿ ₹1,140 ಇರಬೇಕು. ಆಗಿನ ದರಗಳು ಸ್ವಲ್ಪ ಬೇರೆ ಇದ್ದಿರಬಹುದು, ಆದರೂ ನಿಮ್ಮ ಸಾವಿರ ಚಿಲ್ಲರೆ ಇಲ್ಲಿಂದಲೇ ಬಂದದ್ದು.

ಬೆಣ್ಣೆನಗರಿ
ಸರ್, ಇದನ್ನು ಓದಿ ತುಂಬ ಸಮಾಧಾನವಾಯಿತು. ಒಂಬತ್ತು ತಿಂಗಳಿಂದ ಆ ಹಣ ಎಲ್ಲಿ ಹೋಯಿತು ಎಂದು ಮನೆಯಲ್ಲಿ ಮಾತು ನಡೆಯುತ್ತಲೇ ಇತ್ತು. ಹಾಗಾದರೆ 21 ಕೆಜಿ ದಾಟಿದರೆ ನಾನು ಲಾಭದಲ್ಲಿದ್ದೇನೆ ಎಂದು ತಿಳಿಯಬಹುದೇ?

ಕರಾವಳಿ ಕಿಚನ್
ಒಪ್ಪುವುದಿಲ್ಲ. ಮೇಡಂ ಅವರ ದುಡಿಮೆಗೆ ಬೆಲೆ ಎಲ್ಲಿದೆ? ಅವರು ಬೇರೆ ಬೇಕರಿಯಲ್ಲಿ ಕೆಲಸಕ್ಕೆ ಹೋದರೆ ಸಂಬಳ ಕೊಡುವುದಿಲ್ಲವೇ? ತಿಂಗಳಿಗೆ ₹10,000 ಎಂದರೂ ಅದು ಮೊದಲ ಗುಂಪಿಗೆ ಸೇರಲೇಬೇಕು. ಆಗ ₹17,480ನ್ನು ₹360ರಿಂದ ಭಾಗಿಸಿದರೆ 49 ಕೆಜಿ ಬೇಕು. 46 ಮಾರಿದ ಮಾರ್ಚ್ ಕೂಡ ನಷ್ಟದ ತಿಂಗಳೇ.

ಹಳೇ ಖಾತೆ
ನಷ್ಟ ಎನ್ನುವುದು ಸರಿಯಲ್ಲ. ಮಾರ್ಚಿನಲ್ಲಿ ಅವರಿಗೆ 46 ಕೆಜಿಯಿಂದ ₹16,560 ಬಂದು, ₹7,480 ಕಳೆದು ₹9,080 ಉಳಿದಿದೆ. ಅದೇ ಅವರ ಸಂಬಳ. ₹10,000ಕ್ಕೆ ₹920 ಕಡಿಮೆ ಬಿತ್ತು ಎನ್ನಿ. ಮಳಿಗೆ ಮುಚ್ಚಬೇಕೋ ಬೇಡವೋ ಎಂಬುದಕ್ಕೆ 21 ನೋಡಬೇಕು.

ಕರಾವಳಿ ಕಿಚನ್
ಹೀಗೆ ಹೇಳಿಯೇ ಮನೆಯ ಹೆಂಗಸರ ದುಡಿಮೆ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಇದೇ ಕೇಕನ್ನು ಮಾಡಲು ಆಳು ಇಟ್ಟರೆ ಆ ಸಂಬಳವನ್ನು ನೀವು ತಪ್ಪದೆ ಮೊದಲ ಗುಂಪಿನಲ್ಲಿ ಬರೆಯುತ್ತಿದ್ದಿರಿ. ನಾನು 49ನ್ನೇ ಗುರಿ ಎನ್ನುತ್ತೇನೆ.

ಬೆಣ್ಣೆನಗರಿ
ಎರಡನ್ನೂ ಗೋಡೆಗೆ ಬರೆದು ಅಂಟಿಸುತ್ತೇನೆ. ಆದರೆ ಮಾರ್ಚಿನಲ್ಲಿ ₹9,080 ಉಳಿದಿದ್ದರೆ ನನ್ನ ಬಳಿ ಅಷ್ಟು ಹಣ ಇರಬೇಕಲ್ಲ? ಇರುವುದು ₹5,040.

ಹಳೇ ಖಾತೆ
ಮೈದಾ ಚೀಲ, ಕ್ರೀಮ್ ಪೆಟ್ಟಿಗೆಯ ಕಡೆ ನೋಡಿ. ದಾಸ್ತಾನು ₹3,400ರಿಂದ ₹8,150ಕ್ಕೆ ಏರಿತು, ಅಂದರೆ ₹4,750 ಅಲ್ಲಿದೆ. ನಿಮ್ಮ ₹5,040ಕ್ಕೆ ಅದನ್ನು ಸೇರಿಸಿ ಸವಕಳಿಯ ₹700 ಕಳೆದರೆ ₹9,090 ಬರುತ್ತದೆ. ಹತ್ತು ರೂಪಾಯಿ ವ್ಯತ್ಯಾಸ ಅಂಕಿಗಳನ್ನು ಪೂರ್ಣ ಮಾಡಿದ್ದರಿಂದ ಬಂದದ್ದು. ರಿಯಾಯಿತಿಗೆ ಮನಸೋತು ಹೆಚ್ಚು ತರಬೇಡಿ ಎಂದು ನಾನು ಹೇಳುವುದು ಇದಕ್ಕೇ. ಮಳೆಗಾಲದಲ್ಲಿ ಮೈದಾಕ್ಕೆ ಹುಳು ಬಿದ್ದರೆ ಆ ರಿಯಾಯಿತಿಯೂ ಹೋಗುತ್ತದೆ.

ಮಲ್ಲೇಶ್ವರದ ಕೇಕ್ ಮನೆ
ನನ್ನ ಅನುಭವ ಹೇಳಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಆರ್ಡರು ಹೆಚ್ಚಾಗಲಿ ಎಂದು ಒಂದು ಡೆಲಿವರಿ ಆ್ಯಪ್‌ಗೆ ಸೇರಿದೆ. ಅವರು ಬೆಲೆಯಲ್ಲಿ ನೂರಕ್ಕೆ 25 ಹಿಡಿಯುತ್ತಾರೆ. ವ್ಯಾಪಾರ ಒಂದೂವರೆ ಪಟ್ಟಾಯಿತು, ಉಳಿತಾಯ ಕಡಿಮೆಯಾಯಿತು. ಈಗ ನಿಮ್ಮ ಅಂಕಿಗಳನ್ನು ಹಾಕಿ ನೋಡಿದಾಗ ಕಾರಣ ತಿಳಿಯಿತು: ₹700ರಲ್ಲಿ ₹175 ಹೋದರೆ ₹360 ಇದ್ದದ್ದು ₹185ಕ್ಕೆ ಇಳಿಯುತ್ತದೆ, 21 ಕೆಜಿ ಸಾಕಾಗಿದ್ದ ಕಡೆ 41 ಬೇಕಾಗುತ್ತದೆ. ಕಾಲು ಭಾಗ ಕಮಿಷನ್ ಹೋದರೆ ಕಾಲು ಭಾಗ ಹೆಚ್ಚು ಮಾರಿದರೆ ಸಾಕು ಎಂದು ನಾನು ನಂಬಿದ್ದೆ.

ಮಲ್ನಾಡ್ ಓವನ್
ಸಾಗಣೆ ಅವರೇ ಮಾಡಿದರೆ ನಿಮ್ಮ ₹22 ಉಳಿಯುತ್ತದಲ್ಲ, ಹಾಗಾಗಿ 37 ಎನ್ನಬಹುದು. ಆದರೂ ಬಹಳವೇ.

ತುಂಗಾತೀರ
ನನ್ನದು ಬೇರೆ ಸಮಸ್ಯೆ. ಶಿವಮೊಗ್ಗದಲ್ಲಿ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿಯೇ ಬೇಯಿಸುತ್ತೇನೆ. ಓವನ್ ಬರುವ ಮೊದಲು ಮನೆಗೆ 160 ಯೂನಿಟ್ ಆಗುತ್ತಿತ್ತು, ಗೃಹಜ್ಯೋತಿಯಲ್ಲಿ ಬಿಲ್ಲು ಶೂನ್ಯ. ಈಗ 215 ಯೂನಿಟ್ ಆಗಿ, 200 ದಾಟಿದ್ದರಿಂದ ಪೂರ್ತಿ ಬಿಲ್ಲು ಬಂತು, ಸಾವಿರದ ಏಳುನೂರರ ಹತ್ತಿರ. ಕೇಕಿನ ಲೆಕ್ಕಕ್ಕೆ 55 ಯೂನಿಟ್ಟಿನ ದರ ಹಾಕಲೇ, ಇಡೀ ಬಿಲ್ಲು ಹಾಕಲೇ? ಮನೆ ಬಾಡಿಗೆಯಲ್ಲಿ ಎಷ್ಟು ಪಾಲು ಸೇರಿಸಬೇಕು?

ಸಕ್ಕರೆ ಅಚ್ಚು
ಅಡುಗೆಮನೆ ಮನೆಯ ಕಾಲು ಭಾಗ, ಆದ್ದರಿಂದ ಬಾಡಿಗೆಯ ಕಾಲು ಭಾಗ ಹಾಕಿ.

ಹಳೇ ಖಾತೆ
ಕೇಕ್ ಮಾಡುವುದನ್ನು ನಿಲ್ಲಿಸಿದರೆ ನಿಮ್ಮ ಮನೆಯ ಬಾಡಿಗೆ ಕಡಿಮೆಯಾಗುವುದಿಲ್ಲ, ಆದ್ದರಿಂದ ನಾನಾದರೆ ಬಾಡಿಗೆಯಲ್ಲಿ ಏನನ್ನೂ ಸೇರಿಸುವುದಿಲ್ಲ. ಕರೆಂಟಿಗೂ ಅದೇ ಅಳತೆ. ಕೇಕ್ ನಿಲ್ಲಿಸಿದರೆ ಬಿಲ್ಲು ಶೂನ್ಯಕ್ಕೆ ಮರಳುವುದಾದರೆ, ಇಡೀ ₹1,700 ಕೇಕಿನಿಂದಲೇ ಬಂದ ಖರ್ಚು, 55 ಯೂನಿಟ್ಟಿನದು ಮಾತ್ರವಲ್ಲ. ಬ್ಯಾಚುಗಳನ್ನು ಒಟ್ಟುಗೂಡಿಸಿ ತಿಂಗಳಿಗೆ 16 ಯೂನಿಟ್ ಉಳಿಸಿದರೂ ನಿಮಗೆ ದೊಡ್ಡ ವ್ಯತ್ಯಾಸವಾಗುತ್ತದೆ.

ಕರಾವಳಿ ಕಿಚನ್
ಬಾಡಿಗೆ ಸೇರಿಸದಿದ್ದರೆ, ನಾಳೆ ಮಳಿಗೆ ಹಿಡಿಯಬೇಕಾದಾಗ ಅವರ ದರ ಸಾಲುವುದಿಲ್ಲ. ಈಗಿನಿಂದಲೇ ಒಂದು ಪಾಲು ಹಾಕಿಕೊಳ್ಳುವುದು ಲೇಸು.

ತೆರಿಗೆ ಮಿತ್ರ
ಗೃಹಜ್ಯೋತಿ ಇರುವುದು ಗೃಹಬಳಕೆಗೆ ಮಾತ್ರ. ಮನೆಯ ಮೀಟರಿನಲ್ಲಿ ಮಾರಾಟಕ್ಕೆ ಬೇಯಿಸಿದರೆ ಅದನ್ನು ಹೇಗೆ ಪರಿಗಣಿಸುತ್ತಾರೆ ಎಂಬುದನ್ನು ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಯಲ್ಲಿ ಮೊದಲು ಕೇಳಿ ಬನ್ನಿ. ವಾಣಿಜ್ಯ ದರ ಹಾಕಿದರೆ ನಿಮ್ಮ ಲೆಕ್ಕವೆಲ್ಲ ಹೊಸದಾಗಿ ಮಾಡಬೇಕು.

ತುಂಗಾತೀರ
ವಾರಕ್ಕೆ ನಾಲ್ಕೈದು ಕೇಕ್ ಮಾಡುವವರಿಗೂ ಇದು ಅನ್ವಯಿಸುವುದೇ? ಸೋಮವಾರ ಹೋಗಿ ಕೇಳುತ್ತೇನೆ.

ಬೆಣ್ಣೆನಗರಿ
ಕೊನೆಯದಾಗಿ ಒಂದು ಪ್ರಶ್ನೆ. ಒಂದು ಕಚೇರಿಯವರು ತಿಂಗಳಿಗೆ 8 ಕೆಜಿ ಖಾಯಂ ಆರ್ಡರು ಕೊಡುತ್ತೇವೆ, ಆದರೆ ನೂರಕ್ಕೆ ಹತ್ತು ಕಡಿಮೆ ಮಾಡಿ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಹಳೇ ಖಾತೆ
ಅವರಿಗೆ ಮಾತ್ರವಾದರೆ ಒಪ್ಪಿ. ₹630ರಲ್ಲಿ ₹340 ಹೋಗಿ ಕೆಜಿಗೆ ₹290 ಉಳಿಯುತ್ತದೆ, 8 ಕೆಜಿಗೆ ₹2,320. ಈ ವರ್ಷ ಮೇ ಮಧ್ಯದಿಂದ ಅಧಿಕ ಜ್ಯೇಷ್ಠ, ಆಮೇಲೆ ಆಷಾಢ; ಮದುವೆಯ ಆರ್ಡರು ಎರಡು ಬಾರಿ ಕುಸಿಯುತ್ತದೆ, ಆಗ ಈ 8 ಕೆಜಿ ಬಾಡಿಗೆಯ ಹತ್ತಿರ ಹತ್ತಿರ ಅರ್ಧವನ್ನು ಹೊರುತ್ತದೆ. ಆದರೆ ಉಳಿದ ಗಿರಾಕಿಗಳಿಗೂ ಅದೇ ದರ ಹಬ್ಬಿದರೆ 21ರ ಜಾಗದಲ್ಲಿ 26 ಕೆಜಿ, ನಿಮ್ಮ ಸಂಬಳ ಸೇರಿಸಿದರೆ 61 ಕೆಜಿ ಮಾರಬೇಕಾಗುತ್ತದೆ.

ಕರಾವಳಿ ಕಿಚನ್
ದಾವಣಗೆರೆಯಂಥ ಊರಿನಲ್ಲಿ ದರ ಹಬ್ಬದೆ ಇರುತ್ತದೆಯೇ? ಕಚೇರಿಯಲ್ಲಿ ಕೇಕ್ ತಿಂದವರೇ ಮಗುವಿನ ಹುಟ್ಟುಹಬ್ಬಕ್ಕೆ ಫೋನ್ ಮಾಡಿ ₹630 ಎನ್ನುತ್ತಾರೆ.

ಬೆಣ್ಣೆನಗರಿ
ಅದೇ ಭಯ ನನಗೂ ಇದೆ. ದರ ₹700 ಎಂದೇ ಬರೆದು, ಅವರ ಕೇಕಿಗೆ ಹೆಸರು ಬರೆಯುವುದು, ಅಲಂಕಾರ ಏನೂ ಇಲ್ಲದೆ ಚೌಕಾಕಾರದ ಸಾದಾ ಕೇಕ್ ಕೊಟ್ಟು, ಅದಕ್ಕೆ ಬೇರೆ ಹೆಸರಿನಲ್ಲಿ ₹630 ಹಾಕುತ್ತೇನೆ ಎಂದು ಕೇಳಿ ನೋಡುತ್ತೇನೆ. ಏಪ್ರಿಲ್ 30ರ ರಾತ್ರಿ ಮತ್ತೆ ಚೀಲ ತೂಗಿ ಅಂಕಿಗಳನ್ನು ಇಲ್ಲಿಯೇ ಹಾಕುವೆ. ಇವತ್ತು ಫ್ರೀಜರ್ ತೆರೆದಾಗ ಒಂದು ಕ್ರೀಮ್ ಪ್ಯಾಕೆಟ್ಟಿನ ಮೂಲೆ ಸೀಳಿ ಸೋರಿರುವುದು ಕಂಡಿತು. ಅದನ್ನು ದಾಸ್ತಾನಿನಿಂದ ತೆಗೆದು ಕ್ಯಾಲೆಂಡರಿನ ಚೌಕದಲ್ಲಿ ಬರೆದಿದ್ದೇನೆ.